ಸೋಮುವಿಗೆ ಕುಂಬಳಕಾಯಿ ಇಷ್ಟ

ಕಂದಲಗಾಂವದ ಹೆಂಗಸರಿಗೆ ಪ್ರಾಜಕ್ತಾಳ ಬಗ್ಗೆ ಆಡಿಕೊಳ್ಳಲು ಸಿಕ್ಕ ಮೊದಲ ಸಂಗತಿಯೆಂದರೆ ಆಕೆ ಅತ್ತೆಯನ್ನು ‘ಅವ್ವಾ’ ಎಂದು ಕರೆಯುತ್ತಿದ್ದುದು. ಅಕ್ಕಲಕೋಟ ತಾಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿದ ಆಕೆ ಇನ್ನೂ ಮರಾಠಿ ಶಾಲೆಯ ಕೆಳ ತರಗತಿಯಲ್ಲಿರುವಾಗಲೇ ತಾಯಿಯನ್ನು ಕಳೆದುಕೊಂಡಿದ್ದಳು. ಬೆಳೆಸಿದವನು ಅಣ್ಣ ಕಲ್ಯಾಣಪ್ಪ. ಅವನ ಮನೆಯಲ್ಲಿ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ‘ಉಂಡಿ ಏನವ್ವ’ ಎಂದು ಕೇಳುವ ದನಿಯೊಂದಿರಲಿಲ್ಲ. ಆ ದನಿ ಅವಳಿಗೆ ಸಿಕ್ಕಿದ್ದು ಮದುವೆಯಾದ ಮೇಲೆ, ಗಂಡ ಅಮೋಲನ ತಾಯಿ ನೀಲಾಬಾಯಿಯಲ್ಲಿ.

ನೀಲಾಬಾಯಿ ಕುರಿಯ ಹಿಂಡಿನ ಹಿಂದೆ ಅರ್ಧ ಆಯುಷ್ಯ ನಡೆದವಳು. ಈಗ ಮೊಣಕಾಲು ಕೈಕೊಟ್ಟದ್ದರಿಂದ ಹಿಂಡು ಗಂಡ ನಿಂಗಣ್ಣನ ಪಾಲಿಗೆ ಬಿದ್ದಿತ್ತು. ಅವನು ದೀಪಾವಳಿ ಮುಗಿಸಿ ಕುರಿ ಹೊಡೆದುಕೊಂಡು ಭೀಮಾ ನದಿಯ ಮೇಲ್ದಂಡೆಗೆ ಹೋದರೆ ಮಳೆ ಬಿದ್ದ ಮೇಲೆಯೇ ತಿರುಗಿ ಬರುವವನು. ಮನೆಯ ದೊಡ್ಡಿಯಲ್ಲಿ ಎರಡು ಆಡು, ನಡೆಯಲಾರದ ಒಂದೋ ಎರಡೋ ಮುದಿ ಕುರಿ, ತಾಯಿ ಸತ್ತ ಮರಿಗಳು ಉಳಿಯುತ್ತಿದ್ದವು. ಸೊಸೆ ಸೋಲಾಪುರದ ವಿಜಾಪುರ ರಸ್ತೆಯ ಶಾಲಾ ಯುನಿಫಾರ್ಮ್ ಹೊಲಿಯುವ ಕಾರ್ಖಾನೆಯಲ್ಲಿ ಕೆಲಸಕ್ಕೆ ಹೋಗುತ್ತೇನೆಂದಾಗ ಓಣಿಯೆಲ್ಲ ಮೂಗು ಮುರಿಯಿತು. ನೀಲಾಬಾಯಿ ಮಾತ್ರ ಕಟ್ಟೆಯ ಮೇಲೆ ಕುಳಿತು, ಎಲ್ಲರಿಗೂ ಕೇಳುವಂತೆ ಹೇಳಿದ್ದಳು:

“ನಾ ಕುರಿ ಕಾಯಾಕ ಹತ್ತು ಊರ ತಿರಗೀನಿ. ಆಕಿ ಒಂದ ಊರಿಗೆ ಬಸ್ಸಿನ್ಯಾಗ ಕುಂತ ಹೋಗಿ ಬರ್ತಾಳ. ನಿಮಗ ಎಲ್ಲಿ ನೋಯ್ತದ?”

ಕಾರ್ಖಾನೆಯಲ್ಲಿ ಪ್ರಾಜಕ್ತಾಳದು ಹೊಲಿಗೆ ಪರೀಕ್ಷಿಸುವ ಮೇಜು. ಹೊಲಿದು ಬಂದ ಅಂಗಿಯನ್ನು ಒಳಮಗ್ಗುಲು ತಿರುವಿ, ಕಂಕುಳಿನ ಹೊಲಿಗೆಯನ್ನು ಎರಡು ಬೆರಳಿನಿಂದ ಜಗ್ಗಿ, ಸಡಿಲವಿದ್ದುದನ್ನು ಬದಿಗೆ ಒಗೆಯುವುದು ಅವಳ ಕೆಲಸ. ಅವಳ ಕೈ ದಾಟಿ ಹೋದ ಅಂಗಿ ತಿರುಗಿ ಬಂದದ್ದಿಲ್ಲ. ಈ ಒಂದು ವಿಷಯದಲ್ಲಿ ಆಕೆಗೆ ಅಭಿಮಾನವಿತ್ತು. ಅದನ್ನು ಆಕೆ ಮುಚ್ಚಿಡುತ್ತಲೂ ಇರಲಿಲ್ಲ.

ಶ್ರಾವಣದಲ್ಲಿ ಸೋಮು ಹುಟ್ಟಿದ. ಹೆರಿಗೆ ಕಷ್ಟದ್ದಾಯಿತು. ಕೂಸು ಹೊರಗೆ ಬಂದು ಕೆಲ ಹೊತ್ತು ಅಳಲಿಲ್ಲ. ಬಾಗಿಲ ಆಚೆ ನಿಂತಿದ್ದ ನೀಲಾಬಾಯಿ ಮತ್ತು ಅಮೋಲ ಆ ಹೊತ್ತನ್ನು ಹೇಗೆ ಕಳೆದರೆಂಬುದನ್ನು ಪ್ರಾಜಕ್ತಾ ಆಗ ಕೇಳಲಿಲ್ಲ, ಅವರೂ ಹೇಳಲಿಲ್ಲ. ಕೊನೆಗೆ ಕೂಸು ಅತ್ತಿತು. ಅಷ್ಟು ಸಾಕಾಗಿತ್ತು.

ಆರು ತಿಂಗಳು ಬರಿಯ ಎದೆಹಾಲು. ಅದು ಮುಗಿಯುತ್ತ ಬಂದಂತೆ ಕಾರ್ಖಾನೆಯ ರಜೆಯೂ ಮುಗಿಯುತ್ತ ಬಂತು. ಶಾಲೆಗಳು ತೆರೆಯುವ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ರವಿವಾರವೂ ಬಿಡುವಿರುವುದಿಲ್ಲ. ಲಸಿಕೆ ಹಾಕಿಸಲು ಹೋದ ದಿನ ಪ್ರಾಜಕ್ತಾ ಅಂಗನವಾಡಿಯ ಶುಭಾಂಗಿತಾಯಿಯ ಎದುರು ಕುಳಿತು, ಮಗನಿಗೆ ಮೊದಲು ಏನು ತಿನ್ನಿಸಬೇಕು, ಏನು ತಿನ್ನಿಸಬಾರದು ಎಂದು ಬಿಡಿಸಿ ಬಿಡಿಸಿ ಕೇಳಿದಳು. ಶುಭಾಂಗಿತಾಯಿ ಮರಾಠಿ ಬೆರೆಸಿ ಮಾತಾಡುವ, ಗಟ್ಟಿ ದನಿಯ ಹೆಂಗಸು.

“ಚಮಚೆ ಓರೆ ಮಾಡಿದ್ರ ಹರೀಬಾರದು, ಅಷ್ಟು ಘಟ್ಟ ಇರಲಿ. ಬ್ಯಾಳಿ ತಿಳಿ, ಗಂಜಿ ತಿಳಿ ಅಂತ ನೀರು ಕುಡಿಸಬ್ಯಾಡ್ರಿ. ಹೊಟ್ಟಿ ತುಂಬತದ, ಮೈ ತುಂಬಂಗಿಲ್ಲ. ಮೊದ್ಲ ಎರಡ ಮೂರು ಚಮಚೆ, ಆಮ್ಯಾಲ ಅರ್ಧ ವಾಟಿ. ಹೊಸಾದು ಒಂದ ಕೊಟ್ರ ಒಂದೆರಡು ದಿವ್ಸ ನೋಡ್ರಿ, ಮತ್ತೊಂದು ಕೊಡ್ರಿ. ಉಪ್ಪು ಬ್ಯಾಡ, ಸಕ್ರಿ ಬ್ಯಾಡ. ಜೇನು ವರ್ಷ ತುಂಬೂತನಕ ಹತ್ರನೂ ತರಬ್ಯಾಡ್ರಿ.”

“ಆಡಿನ ಹಾಲು? ನಮ್ಮ ಮನ್ಯಾಗ ಅದ.”

“ವರ್ಷ ಆಗೂತನಕ ನಿಮ್ಮ ಹಾಲೇ ಹಾಲು. ಆಡಿನ ಹಾಲಿನ ಮ್ಯಾಲ ಬೆಳಸಿದ್ರ ರಕ್ತ ಕಮ್ಮಿ ಆಗ್ತದ. ಹುಟ್ಟಿದಾಗ ತಾಯಿ ಹೊಟ್ಟ್ಯಾಗಿಂದ ತಂದ ಕಬ್ಬಿಣದಂಶ ಆರು ತಿಂಗಳಿಗೆ ಖರ್ಚಾಗಿರ್ತದ. ಅದನ್ನ ತುಂಬಾಕ ಬ್ಯಾಳಿ, ನಾಚಣಿ, ತತ್ತಿ ಬೇಕು. ಮತ್ತ ಚಹಾದಾಗ ಬಿಸ್ಕೀಟ ಅದ್ದಿ ಕೊಟ್ಟಿ ಅಂದ್ರ ನನ್ನ ಕಡೆ ಬರಬ್ಯಾಡ.”

“ನಮ್ಮ ಅತ್ತಿ ಹಂಗ ಮಾಡೋರಲ್ರಿ.”

“ಎಲ್ಲಾ ಸೊಸೆಂದ್ರೂ ಅತ್ತಿ ಅಂದ್ರ ಮಾಡ್ತಾರ ಅಂತಾರ. ನೀನೊಬ್ಬಾಕಿ ನೋಡು ಮಾಡಂಗಿಲ್ಲ ಅನ್ನಾಕಿ,” ಎಂದು ಶುಭಾಂಗಿತಾಯಿ ನಕ್ಕಳು.

ಪ್ರಾಜಕ್ತಾ ಮನೆಗೆ ಬಂದು ಸಿದ್ಧತೆಗೆ ಇಳಿದಳು. ಈ ಕಡೆ ನಾಚಣಿ ಎನ್ನುವ ರಾಗಿಯನ್ನು ತೊಳೆದು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಿನಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳು ಅರಿವೆಯಲ್ಲಿ ಸೋಸಿಟ್ಟಳು. ಅಕ್ಕಿ ಮತ್ತು ಹೆಸರುಬೇಳೆಯನ್ನು ಹುರಿದು ಒಡೆದು ಇನ್ನೊಂದು ಡಬ್ಬಿಯಲ್ಲಿ ತುಂಬಿದಳು. ಕುಂಬಳಕಾಯಿ, ಗಜ್ಜರಿ, ಸೋರೆಕಾಯಿಗಳನ್ನು ಹಬೆಯಲ್ಲಿ ಬೇಯಿಸಿ ಹಿಸುಕುವುದು, ಬಾಳೆಹಣ್ಣು ಸರಿ, ಪೇರಲಹಣ್ಣು ಬೇಡ, ಅದರ ಬೀಜ ಗಂಟಲಿಗೆ ಸಿಕ್ಕೀತು, ಚಿಕ್ಕು ಆದೀತು, ತತ್ತಿ ಪೂರ್ತಿ ಬೆಂದದ್ದು, ಶೇಂಗಾ ಕಾಳಾಗಿ ಎಂದೂ ಅಲ್ಲ, ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಮಾತ್ರ. ಇಷ್ಟು ಕಾಳಜಿಯಿಂದ ತನಗೆ ಯಾರೂ ತುತ್ತು ಆರಿಸಲಿಲ್ಲವೆಂಬ ನೆನಪು ಆ ಕೆಲಸದ ಅಡಿಯಲ್ಲಿ ಇತ್ತೋ ಏನೋ. ಇದ್ದರೂ ಆಕೆ ಅದನ್ನು ಬಾಯಿಗೆ ತಂದವಳಲ್ಲ.

ಒಂದೇ ತೊಡಕು ಎದ್ದದ್ದು ಉಷ್ಟಾವಣದ ವಿಷಯದಲ್ಲಿ. ಕೂಸಿಗೆ ಮೊದಲ ಅನ್ನವನ್ನು ಸೋದರಮಾವ ಉಣಿಸುವ ಶಾಸ್ತ್ರವಿದು. ಕಲ್ಯಾಣಪ್ಪ ಬೆಳ್ಳಿಯ ಚಮಚೆ ಕೊಂಡು ಅಕ್ಕಲಕೋಟದಲ್ಲಿ ಕಾದು ಕುಳಿತಿದ್ದ. ನೀಲಾಬಾಯಿ ಬೇಡವೆಂದಳು.

“ಹಿಂಡು ಬರಲಿ ಪ್ರಾಜು. ನಿನ್ನ ಮಾವ ಮನ್ಯಾಗ ಇಲ್ದ ಶಾಸ್ತ್ರ ಹೆಂಗ ಮಾಡೋದು? ಮಳಿ ಬಿದ್ದ ಮ್ಯಾಲ ಮನಿದೇವ್ರು ಬಿರೋಬನ ಮುಂದ ಎಲ್ಲಾರೂ ಕೂಡಿ ಮಾಡೂಣು.”

“ಅಲ್ಲೀತನಕ ಕೂಸು ಉಪಾಸ ಇರ್ತದೇನ್ ಅವ್ವಾ? ಆರು ತಿಂಗಳಾತು.”

“ಉಪಾಸ ಯಾಕ? ಶಾಸ್ತ್ರ ಆಮ್ಯಾಲ ಅಂದೆ. ನೀ ಮುಂಜಾನಿ ಮಾಡಿ ಇಟ್ಟು ಹೋಗು. ನಾ ಉಣಸ್ತೀನಿ. ನಾಕು ಮಕ್ಕಳ್ನ ಉಣಿಸಿದ ಕೈ ಇದು.”

ಪ್ರಾಜಕ್ತಾಳ ಕಣ್ಣು ತುಂಬಿತು. ಅಣ್ಣನಿಗೆ ತಾನೇ ಫೋನು ಮಾಡಿ, ಅವನ ಸಿಟ್ಟನ್ನು ತಾನೇ ಕೇಳಿಸಿಕೊಂಡು, ಅತ್ತೆಯ ಪರವಾಗಿ ವಾದಿಸಿದಳು.

ಹೀಗೆ ದಿನಚರಿ ಕಟ್ಟಿಕೊಂಡಿತು. ಬೆಳಿಗ್ಗೆ ಎದೆಹಾಲು ಕುಡಿಸಿ, ಕಿತ್ತಳೆ ಬಣ್ಣದ ಮುಚ್ಚಳದ ಬಟ್ಟಲು ಎರಡರಲ್ಲಿ ಆ ದಿನದ್ದನ್ನು ತುಂಬಿಟ್ಟು, ಆಕೆ ಬಸ್ಸು ಹಿಡಿಯುವಳು. ಸಂಜೆ ಬಂದಾಗ ಬಟ್ಟಲುಗಳು ತೊಳೆದು ಬೋರಲಾಗಿರುತ್ತಿದ್ದವು. ಕೂಸನ್ನು ಎತ್ತಿಕೊಂಡು ಕೇಳುವ ಮೊದಲ ಪ್ರಶ್ನೆ, “ಇವತ್ತ ಏನ್ ಮಾಡ್ದ ಅವ್ವಾ?”

ನೀಲಾಬಾಯಿಯ ಉತ್ತರ ಎಂದೂ ‘ಉಂಡ’ ಎಂಬಷ್ಟಕ್ಕೆ ಮುಗಿಯುತ್ತಿರಲಿಲ್ಲ.

“ಕುಂಬಳಕಾಯಿ ಇಟ್ಟಿದ್ದಿಯಲ್ಲ, ಬಟ್ಟಲ ನೆಕ್ಕಾಕ ನಿಂತ. ಸೋರೆಕಾಯಿ ಮೂಸಿ ನೋಡಿ ಮಾರಿ ತಿರವಿದ. ನಾಚಣಿ ಬಿಸಿ ಇದ್ರ ಒಲ್ಲ, ಆರಿದ ಮ್ಯಾಲ ತಿಂದ. ತತ್ತಿ ಮಾತ್ರ ಬ್ಯಾಡವಾ, ವಾಸನೀಗೇ ದೂರ ಸರೀತಾನ.”

ಅಮೋಲ ಪಿಕಪ್ ಗಾಡಿ ಓಡಿಸಿ ತರಕಾರಿಯನ್ನು ಸೋಲಾಪುರದ ಮಂಡಿಗೆ ಮುಟ್ಟಿಸುವವನು. ಅವನೂ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಸಾಹೇಬ್ರು ಇವತ್ತ ಏನ್ ಜೇವಣಾ ಮಾಡಿದ್ರು?” ಎಂದು ಕೇಳುವನು, ತಾಯಿಯ ವರದಿ ಕೇಳಿ ನಗುವನು.

ಆ ವರದಿಗಳಿಂದಲೇ ಪ್ರಾಜಕ್ತಾ ಮಗನನ್ನು ಅರಿತಳು. ದಿನವೆಲ್ಲ ಕಣ್ಣಿಗೆ ಬೀಳದ ಕೂಸು ಅವಳ ಪಾಲಿಗೆ ಒಂದು ರುಚಿಯ ಮನುಷ್ಯನಾಗಿ ಬೆಳೆಯುತ್ತಿತ್ತು: ಸಿಹಿಗುಂಬಳ ಬೇಕು, ಸೋರೆ ಬೇಡ, ಆರಿದ್ದು ಬೇಕು, ತತ್ತಿ ಬೇಡ. ಆಕೆ ಸೋರೆಕಾಯಿ ತರುವುದನ್ನು ನಿಲ್ಲಿಸಿದಳು. ತತ್ತಿಯನ್ನು ಬಿಟ್ಟು ಬೇಳೆ ಹೆಚ್ಚಿಸಿದಳು. ವಾರಕ್ಕೆ ಮೂರು ಬಾರಿ ಕುಂಬಳಕಾಯಿ ಬೇಯಿಸಿದಳು. ಊಟದ ಬಿಡುವಿನಲ್ಲಿ ಪಕ್ಕದ ಮೇಜಿನ ಚಂದ್ರಭಾಗಾಳಿಗೆ, “ನಮ್ಮ ಸೋಮೂಗ ಕುಂಬಳಕಾಯಿ ಅಂದ್ರ ಜೀವ,” ಎಂದು ಹೇಳುವಾಗ ಅವಳ ಮುಖದಲ್ಲಿ, ಒಳ್ಳೆಯ ಹೊಲಿಗೆ ಕಂಡಾಗಿನ ಕಳೆಯೇ ಇರುತ್ತಿತ್ತು.

ಕಾರ್ಖಾನೆ ಮುಚ್ಚಿದ್ದ ಒಂದು ಹಬ್ಬದ ದಿನ ತಾನೇ ಉಣಿಸಲು ಕುಳಿತಳು. ಸೋಮು ಚಮಚೆಯನ್ನು ನಾಲಿಗೆಯಿಂದ ಹೊರದಬ್ಬಿದ, ಗಂಜಿ ಗಲ್ಲದ ಮೇಲೆ ಇಳಿಯಿತು. ಅತ್ತು ಕೆಂಪಾದ. ನೀಲಾಬಾಯಿ ಒಳಗಿನಿಂದ ಬಂದು ಕೂಸನ್ನು ಎತ್ತಿಕೊಂಡಳು.

“ನಿನ್ನ ಮೈಗೆ ಹಾಲಿನ ವಾಸನಿ ಬರ್ತದಲ್ಲ, ಅದಕ್ಕ. ತಾಯಿ ಎದುರಿಗಿದ್ರ ಕೂಸು ಎದಿನೇ ಬೇಡ್ತದ. ನೀ ಆ ಕಡೆ ಹೋಗು, ನಾ ದೊಡ್ಡ್ಯಾಗ ಕುರಿ ತೋರಸ್ಕೋತ ಉಣಸ್ತೀನಿ.”

ಮಾತು ಸರಿಯಾಗಿಯೇ ಕಂಡಿತು. ಅರ್ಧ ತಾಸಿನ ಮೇಲೆ ಖಾಲಿ ಬಟ್ಟಲು ತಿರುಗಿ ಬಂತು. ತನ್ನ ಕೈಯಲ್ಲಿ ಉಣ್ಣದ ಮಗ ಅತ್ತೆಯ ಕೈಯಲ್ಲಿ ಉಣ್ಣುತ್ತಾನೆಂದು ಪ್ರಾಜಕ್ತಾಳಿಗೆ ತುಸು ಚುರುಕ್ಕೆಂದಿತು. ಆದರೆ ಉಂಡನಲ್ಲವೇ ಎಂದು ಸಮಾಧಾನಪಟ್ಟಳು.

ಏಪ್ರಿಲ್ ತಿಂಗಳ ತೂಕದ ದಿನ ಅಂಗನವಾಡಿಯ ತಕ್ಕಡಿಯ ಮುಳ್ಳು ಎರಡು ತಿಂಗಳ ಹಿಂದೆ ನಿಂತಲ್ಲಿಯೇ ಹತ್ತಿರ ಹತ್ತಿರ ನಿಂತಿತು. ಶುಭಾಂಗಿತಾಯಿ ಕೂಸಿನ ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು ನೋಡಿದಳು.

“ಬಿಳಚಿಕೊಂಡಾನ. ಏನ್ ಕೊಡಾಕತ್ತೀರಿ?”

ಪ್ರಾಜಕ್ತಾ ಒಂದೂ ಬಿಡದೆ ಹೇಳಿದಳು. ಮೊಳಕೆಯ ನಾಚಣಿ, ಬೇಳೆ ಅನ್ನ, ಮೇಲೆ ಒಂದು ಚಮಚೆ ತುಪ್ಪ, ಕುಂಬಳಕಾಯಿ, ಬಾಳೆಹಣ್ಣು.

“ಇಷ್ಟೆಲ್ಲಾ ತಿನ್ನೋ ಕೂಸು ಹಿಂಗ ಇರಂಗಿಲ್ಲ,” ಎಂದು ಶುಭಾಂಗಿತಾಯಿ ಅನುಮಾನದಿಂದ ತಾಯಿಯ ಮುಖ ನೋಡಿದಳು. ಆ ನೋಟವನ್ನು ಪ್ರಾಜಕ್ತಾ ಅವಮಾನವೆಂದು ತೆಗೆದುಕೊಂಡಳು.

ಸೋಲಾಪುರದ ಡಾಕ್ಟರರು ರಕ್ತ ಪರೀಕ್ಷೆ ಮಾಡಿಸಿ, ಕಡಿಮೆಯಿದೆ ಎಂದು ಕಬ್ಬಿಣಾಂಶದ ಹನಿ ಬರೆದುಕೊಟ್ಟರು. ಅವರೂ ಊಟದ ಬಗ್ಗೆ ಕೇಳಿದರು: ಬೇರೆ ಹಾಲೇನಾದರೂ ಕುಡಿಸುತ್ತೀರಾ? ಪ್ರಾಜಕ್ತಾ ಇಲ್ಲವೆಂದಳು. ಪಕ್ಕದಲ್ಲಿ ಕುಳಿತ ಅಮೋಲ ಮೊಬೈಲಿನಲ್ಲಿ ಕಣ್ಣು ನೆಟ್ಟಿದ್ದ. ತಿರುಗಿ ಬರುವಾಗ ಗಾಡಿಯಲ್ಲಿ ಪ್ರಾಜಕ್ತಾ ಅತ್ತಳು. ತನ್ನ ಕೈಯಲ್ಲೇ ದೋಷವಿದೆ, ತಾನು ಆರಿಸಿದ್ದರಲ್ಲಿಯೇ ಏನೋ ತಪ್ಪಿದೆ ಎಂದಳು. ಅಮೋಲ ದಾರಿ ನೋಡುತ್ತ, “ಆಗ್ತದ ಬಿಡು, ಮಳೀಗಾಲಕ್ಕ ಸುಧಾರಸ್ತಾನ,” ಎಂದ. ಮಳೆಗಾಲವೇ ಏಕೆ ಎಂದು ಆಕೆ ಕೇಳಬೇಕಿತ್ತು. ಕೇಳಲಿಲ್ಲ.

ಮರುದಿನದಿಂದ ಗಂಜಿಗೆ ಅರೆದ ಶೇಂಗಾ ಸೇರಿತು, ತುಪ್ಪ ಹೆಚ್ಚಾಯಿತು, ಬೇಳೆಗೆ ಲಿಂಬೆಯ ಹನಿ ಬಿತ್ತು. ಲಿಂಬೆ ಹಿಂಡಿದರೆ ಕಬ್ಬಿಣಾಂಶ ಮೈಗೆ ಹಿಡಿಯುತ್ತದೆಂದು ಡಾಕ್ಟರರು ಹೇಳಿದ್ದರು. ಬಟ್ಟಲುಗಳು ಎಂದಿನಂತೆ ಖಾಲಿಯಾಗಿ ಬೋರಲು ಬೀಳುತ್ತಿದ್ದವು.

ಆ ವಾರವೇ ಒಂದು ದಿನ ಕಾರ್ಖಾನೆಯಲ್ಲಿ ಕರೆಂಟು ಹೋಗಿ, ಮಧ್ಯಾಹ್ನ ತಿರುಗುವ ಮೊದಲೇ ಎಲ್ಲರನ್ನೂ ಮನೆಗೆ ಕಳಿಸಿದರು. ಬಿಸಿಲಿನಲ್ಲಿ ಬಸ್ಸಿಳಿದು ಪ್ರಾಜಕ್ತಾ ಮನೆ ಸೇರಿದಾಗ ಸೋಮು ತೊಟ್ಟಿಲಲ್ಲಿ ಮಲಗಿದ್ದ. ನೀಲಾಬಾಯಿ ನಳದ ಕಡೆಗೆ ಹೋಗಿದ್ದಳು. ಹಿತ್ತಲಿನ ಕಟ್ಟೆಯ ಮೇಲೆ ಬಟ್ಟಲುಗಳೆರಡೂ ಮುಚ್ಚಳ ಸಮೇತ ಇದ್ದವು. ಒಂದನ್ನು ತೆರೆದಳು, ಮುಟ್ಟಿರಲಿಲ್ಲ. ತಡವಾಗಿದೆ, ಎದ್ದೊಡನೆ ತಾನೇ ಉಣಿಸಿ ನೋಡೋಣವೆಂದು ಕೆಳಗೆ ಕುಳಿತು, ಗಟ್ಟಿಯಾದ ಕುಂಬಳಕಾಯಿಯನ್ನು ಚಮಚೆಯಿಂದ ಕಲಕಿದಳು. ಸ್ಟೀಲಿನ ಚಮಚೆ ಬಟ್ಟಲಿನ ಅಂಚಿಗೆ ಬಡಿದು ಸಣ್ಣ ಸದ್ದಾಯಿತು.

ದೊಡ್ಡಿಯ ತಟ್ಟಿಯ ಕೆಳಗಿನಿಂದ ಕುರಿಮರಿಯೊಂದು ನುಸುಳಿ ಬಂತು. ತಾಯಿ ಸತ್ತ ಮರಿ. ಮಾಘದಲ್ಲಿ ಬದುಕುತ್ತದೋ ಇಲ್ಲವೋ ಎಂಬಂತಿದ್ದದ್ದು. ಈಗ ಅದರ ಬೆನ್ನು ಅಗಲವಾಗಿ, ಮೈ ಮಿರುಗುತ್ತಿತ್ತು. ಅದು ಹೆದರಲಿಲ್ಲ, ಅನುಮಾನಿಸಲಿಲ್ಲ. ನೇರವಾಗಿ ಬಂದು ಮುಂಗಾಲೆರಡನ್ನೂ ಅವಳ ತೊಡೆಯ ಮೇಲಿಟ್ಟು, ಮೂತಿಯನ್ನು ಬಟ್ಟಲಿನೊಳಗೆ ತುರುಕಿತು. ಅದರ ಗದ್ದದ ಉಣ್ಣೆಯಲ್ಲಿ ಹಿಂದಿನ ದಿನಗಳ ಹಳದಿ ಕಲೆ ಒಣಗಿ ಗಂಟು ಕಟ್ಟಿತ್ತು.

ಪ್ರಾಜಕ್ತಾ ಬಟ್ಟಲನ್ನು ಹಿಂದೆ ಎಳೆದುಕೊಳ್ಳಲಿಲ್ಲ. ಮರಿ ನೆಕ್ಕಿ ಮುಗಿಸುವ ತನಕ ಹಿಡಿದೇ ಇದ್ದಳು. ಆಮೇಲೆ ಎರಡನೆಯ ಬಟ್ಟಲನ್ನು ತೆರೆದು ಅದರ ಮುಂದಿಟ್ಟಳು. ನಾಚಣಿ ಆರಿತ್ತು, ಮರಿ ತಿಂದಿತು. ಅಡುಗೆಮನೆಗೆ ಹೋಗಿ ಅಮೋಲನಿಗಾಗಿ ಇಟ್ಟಿದ್ದ ಬೆಂದ ತತ್ತಿಯ ಚೂರು ತಂದು ಹಿಡಿದಳು. ಮರಿ ಮೂಸಿ ಮುಖ ತಿರುವಿ ದೂರ ಸರಿಯಿತು.

ಬಾಗಿಲಲ್ಲಿ ಕೊಡ ಇಳಿಸಿದ ಸದ್ದಾಯಿತು. ನೀಲಾಬಾಯಿ ನಿಂತಿದ್ದಳು. ಅವಳು ನೋಡಿದ್ದು ಸೊಸೆಯನ್ನಲ್ಲ, ಬಟ್ಟಲುಗಳನ್ನು.

“ಲಗೂ ಬಂದೀಯಲ್ಲ,” ಎಂದಳು.

“ಸೋಮು ಏನ್ ಉಂಡ?”

ನೀಲಾಬಾಯಿ ಬಗ್ಗಿ ಖಾಲಿ ಬಟ್ಟಲುಗಳನ್ನು ಎತ್ತಿಕೊಂಡಳು.

“ಇವತ್ತಲ್ಲ. ಎರಡೂವರಿ ತಿಂಗಳಿಂದ ಏನ್ ಉಂಡಾನ ಅಂತ ಕೇಳಾಕತ್ತೀನಿ.”

“ಹಾಲು,” ಎಂದಳು ನೀಲಾಬಾಯಿ. “ಆಡಿನ ಹಾಲು. ಕಾಸಿ, ಶುಂಠಿ ಹಾಕಿ ಕುಡಿಸೀನಿ. ಉಪಾಸ ಕೆಡವಿಲ್ಲ ನಾ.”

“ಒಂದು ಚಮಚೆ? ಒಂದ ದಿನಾರ?”

“ಇಲ್ಲ. ಕಾಳು ಮುಟ್ಟಸಿಲ್ಲ.” ನೀಲಾಬಾಯಿ ಸೆರಗಿನಿಂದ ಕೈ ಒರಸಿಕೊಂಡು ಕಟ್ಟೆಯ ಮೇಲೆ ಕುಳಿತಳು. ದನಿ ಸಣ್ಣದಾಗಲಿಲ್ಲ. “ಹುಟ್ಟಿದಾಗ ಅಳಲಿಲ್ಲ ಅದು. ಬಾಗಲದಾಗ ನಿಂತು ನವಸ ಹೊತ್ತೀನಿ. ಅಪ್ಪಾ ಬಿರೋಬಾ, ಈ ಕೂಸಿನ ದನಿ ಕೇಳಸು, ಹಿಂಡ ಪೂರಾ ನಿನ್ನ ಮುಂದ ನಿಲ್ಲಿಸಿ, ನಿನ್ನ ನೈವೇದ್ಯನೇ ಇದರ ಮೊದಲನೇ ತುತ್ತು ಮಾಡ್ತೀನಿ, ಅಲ್ಲೀತನಕ ಕಾಳು ಒಳಗ ಹೋಗಗೊಡಂಗಿಲ್ಲ ಅಂದೆ. ಅಂದೀನೋ ಇಲ್ಲೋ, ಅತ್ತಿತು. ಹಿಂಡ ಬರೂದು ಮಳೀಗಾಲಕ್ಕ. ನಾ ಏನ್ ಮಾಡ್ಲಿ?”

“ನನಗ ಹೇಳಬೇಕಿತ್ತು.”

“ಹೇಳಿದ್ರ ನೀ ಕೇಳ್ತಿದ್ದೇನು?”

“ಇಲ್ಲ.”

“ಮತ್ತ?”

ಈ ‘ಮತ್ತ’ದಲ್ಲಿ ಕಪಟವಿರಲಿಲ್ಲ, ಪ್ರಾಜಕ್ತಾಳಿಗೆ ಹೆಚ್ಚು ನೋವಾದದ್ದು ಅದರಿಂದಲೇ. ಅತ್ತೆಗೆ ತಾನು ತಪ್ಪು ಮಾಡಿದೆನೆಂದು ಅನ್ನಿಸಿರಲೇ ಇಲ್ಲ. ಒಪ್ಪಿಸಲಾಗದ ಸೊಸೆಯನ್ನು ಒಪ್ಪಿಸಲು ಹೋಗದೆ, ಪಕ್ಕಕ್ಕೆ ದಾಟಿ ಹೋಗಿದ್ದಳು, ಅಷ್ಟೆ. ಕುರಿಗಳನ್ನು ಬೇರೆಯವರ ಹೊಲದ ಅಂಚಿನಲ್ಲಿ ಹಾಯಿಸಿದಂತೆ.

“ದಿನಾ ಸಂಜಿಕ ಹೇಳ್ತಿದ್ರಲ್ಲ, ಸೋರೆಕಾಯಿ ಒಲ್ಲ, ಆರಿದ್ದು ಬೇಕು ಅಂತ. ಅದೆಲ್ಲಾ ಯಾರದು?”

ನೀಲಾಬಾಯಿ ಮರಿಯ ಕಡೆ ನೋಡಿದಳು. “ಸುಳ್ಳು ಹೇಳಾಕ ಬರಂಗಿಲ್ಲ ನನಗ. ಕಂಡದ್ದು ಹೇಳ್ತಿದ್ದೆ.”

ಪ್ರಾಜಕ್ತಾ ನಕ್ಕಳೆಂದು ನೀಲಾಬಾಯಿ ಆಮೇಲೆ ಓಣಿಯಲ್ಲಿ ಹೇಳಿದ್ದುಂಟು. ನಗು ಬಂದದ್ದು ನಿಜ. ತನ್ನ ಮಗನದೆಂದು ಆಕೆ ಎದೆಯಲ್ಲಿಟ್ಟುಕೊಂಡ ಇಷ್ಟಗಳು, ಮುನಿಸುಗಳು, ಚಂದ್ರಭಾಗಾಳೆದುರು ಮೆರೆಸಿದ ಆ ಪುಟ್ಟ ಗರ್ವದ ಮನುಷ್ಯ, ಇವೆಲ್ಲ ಒಂದು ಕುರಿಮರಿಯದಾಗಿದ್ದವು. ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಕುಂಬಳಕಾಯಿ ಇಷ್ಟವೋ ಅಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಅದರ ಬಗ್ಗೆ ಈ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ, ಹಸಿದಿದೆ ಎಂಬುದೊಂದನ್ನು ಬಿಟ್ಟು.

ಅಮೋಲ ಸಂಜೆ ಬಂದ. ಚಪ್ಪಲಿ ಬಿಡುತ್ತ ಎಂದಿನ ಪ್ರಶ್ನೆ ಕೇಳಲು ಬಾಯಿ ತೆರೆದವನು ಹೆಂಡತಿಯ ಮುಖ ನೋಡಿ ನಿಂತ.

“ನಿಮಗ ಗೊತ್ತಿತ್ತು,” ಎಂದಳು ಪ್ರಾಜಕ್ತಾ. “ಬಾಗಲದಾಗ ನೀವೂ ನಿಂತಿದ್ರಿ.”

“ಅವ್ವ ನವಸ ಹೊತ್ತದ್ದು ಗೊತ್ತಿತ್ತು.”

“ಉಣಿಸವಲ್ಲರು ಅನ್ನೂದು?”

ಅವನು ಗಾಡಿಯ ಕೀಲಿಯನ್ನು ಕೈಯಿಂದ ಕೈಗೆ ಬದಲಿಸಿದ. “ದೇವರ ಮಾತದು ಪ್ರಾಜು. ಅವ್ವಗ ಎದುರು ಹೇಳಾಕ ಆಗಲಿಲ್ಲ. ನಿನಗ ಹೇಳಿದ್ರ ಮನ್ಯಾಗ ಜಗಳ. ಇನ್ನೆರಡು ತಿಂಗಳದ ಮಾತು ಅಂತ ಸುಮ್ಮನಾದೆ.”

“ಡಾಕ್ಟರ್ ಕೇಳಿದ್ರಲ್ಲ, ಬ್ಯಾರೆ ಹಾಲು ಕೊಡ್ತೀರಿ ಏನು ಅಂತ. ನಾ ಇಲ್ಲ ಅಂದೆ. ನೀವು ಬಾಜೂಕ ಕುಂತಿದ್ರಿ.”

ಅವನು ಕೀಲಿಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿದ.

“ರಸ್ತಾದುದ್ದಕ್ಕೂ ನನ್ನ ಕೈಯಾಗ ಐಬು ಅದ ಅಂತ ಅತ್ತೀನಿ. ಆವಾಗರ ಒಂದು ಮಾತು ಹೇಳಬೇಕಿತ್ತು. ಅತ್ತಿಗೆ ದೇವರ ಭಯ ಇತ್ತು. ನಿಮಗೇನಿತ್ತು?”

ಮರುದಿನ ಆಕೆ ಕೆಲಸಕ್ಕೆ ಹೋಗಲಿಲ್ಲ. ಯುನಿಫಾರ್ಮಿನ ಸುಗ್ಗಿಯಲ್ಲಿ ರಜೆ ಕೇಳಿದರೆ ಮೇಜು ಇನ್ನೊಬ್ಬರ ಪಾಲಾಗುತ್ತದೆಂದು ಗೊತ್ತಿತ್ತು. ಮೇಲ್ವಿಚಾರಕನಿಗೆ ಫೋನು ಮಾಡಿ, ಅವನು ಹೇಳಿದ್ದನ್ನು ಕೇಳಿ, “ಆಗಲಿ” ಎಂದು ಇಟ್ಟಳು. ಆ ಮೇಜು ಹೋಯಿತು.

ಕೂಸನ್ನು ಗೋಡೆಗೆ ಆನಿಸಿ ನೇರವಾಗಿ ಕೂರಿಸಿ, ಪಡಸಾಲೆಯ ನಟ್ಟನಡುವೆ, ಎಲ್ಲರ ಕಣ್ಣೆದುರಿಗೆ ಉಣಿಸಲು ಕುಳಿತಳು. ಎಂಟೂವರೆ ತಿಂಗಳ ಸೋಮುವಿಗೆ ಚಮಚೆ ಎಂದರೇನೆಂದೇ ತಿಳಿದಿರಲಿಲ್ಲ. ಬಾಯಿಗಿಟ್ಟದ್ದನ್ನು ನಾಲಿಗೆ ಹೊರಗೆ ನೂಕಿತು. ಓಕರಿಸಿದ. ಕಣ್ಣಲ್ಲಿ ನೀರು ತಂದುಕೊಂಡ.

“ನೋಡು,” ಎಂದಳು ಒಳಬಾಗಿಲಲ್ಲಿ ನಿಂತ ನೀಲಾಬಾಯಿ. “ದೇವರಿಗೇ ಸೇರವಲ್ದು.”

“ದೇವರಿಗಲ್ಲ ಅತ್ತಿ. ರೂಢಿ ಇಲ್ಲ ಅದಕ್ಕ. ರೂಢಿ ಮಾಡೋರು ಮಾಡಿಲ್ಲ.”

‘ಅತ್ತಿ’ ಎಂಬುದನ್ನು ನೀಲಾಬಾಯಿ ಕೇಳಿಸಿಕೊಂಡಳು.

ಶುಭಾಂಗಿತಾಯಿ ಬಂದು ನೋಡಿದಳು. ಬೈಯಲಿಲ್ಲ. ಮೊದಲು ನುಣ್ಣಗಿರಲಿ, ಕೆಲವೇ ದಿನಗಳಲ್ಲಿ ತರಿ ತರಿ ಮಾಡಿಕೋ, ಒತ್ತಾಯಿಸಿ ತುರುಕಬೇಡ, ಬೇಡವೆಂದದ್ದನ್ನು ಮರುದಿನ ಮತ್ತೆ ಇಡು, ಆಡಿನ ಹಾಲು ನಿಲ್ಲಿಸು, ನಿನ್ನ ಹಾಲು ಬಿಡಬೇಡ, ಕಬ್ಬಿಣಾಂಶದ ಹನಿ ತಪ್ಪಿಸಬೇಡ ಎಂದಳು. ಪ್ರಾಜಕ್ತಾ ಹಾಗೆಯೇ ಮಾಡಿದಳು. ಮೆತ್ತಗೆ ಬೆಂದ ಗಜ್ಜರಿಯ ತುಂಡೊಂದನ್ನು ಕೂಸಿನ ಮುಷ್ಟಿಗೇ ಕೊಟ್ಟಳು. ಅದು ಅದನ್ನು ಹಿಸುಕಿ, ಮೂಗಿಗೆ ಬಳಿದುಕೊಂಡು, ಕೊನೆಗೆ ಬೆರಳು ಚೀಪಿತು. ನೆರೆಯವಳೊಬ್ಬಳು ಜೋಳದ ಅರಳು ತಂದು ಕೊಡಲು ಬಂದಾಗ ಕೈ ಅಡ್ಡ ಹಿಡಿದು, ಗಂಟಲಿಗೆ ಸಿಕ್ಕೀತೆಂದು ತಿರುಗಿ ಕಳಿಸಿದಳು. ಒಂದು ಮುಂಜಾನೆ ಬೇಳೆಯಲ್ಲಿ ನೆನೆಸಿ ಹಿಸುಕಿದ ರೊಟ್ಟಿಯನ್ನು ಸೋಮು ನುಂಗಿದ. ಮತ್ತೆ ಬಾಯಿ ತೆರೆದ. ಕುಂಬಳಕಾಯಿ ಇಟ್ಟಾಗ ಮುಖ ಕಿವುಚಿದ. ಸೋರೆಕಾಯಿ ತಿಂದ. ತತ್ತಿಯ ಹಳದಿಯನ್ನು, ಚಮಚೆ ತಡವಾದರೆ ನೆಲ ಬಡಿದು ಕೇಳಿದ.

ಇದು ನಡೆದಷ್ಟು ದಿನವೂ ನೀಲಾಬಾಯಿಯ ತಟ್ಟೆಯಲ್ಲಿ ಬದಲಾವಣೆಯಾಗಿತ್ತು. ಪ್ರಾಜಕ್ತಾ ಅದನ್ನು ಮೊದಮೊದಲು ಗಮನಿಸಲಿಲ್ಲ. ಬಡಿಸಿಟ್ಟ ರೊಟ್ಟಿ ಹಾಗೆಯೇ ಉಳಿಯುತ್ತಿತ್ತು, ಅನ್ನವೂ. ಮುದುಕಿ ಶೇಂಗಾ, ಹಾಲು, ಬೇಯಿಸಿದ ಬಟಾಟೆ ತಿಂದು ಎದ್ದು ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಅಮೋಲನೇ ಹೆಂಡತಿಗೆ ತಗ್ಗಿದ ದನಿಯಲ್ಲಿ ಹೇಳಿದ:

“ಅವ್ವ ಕಾಳು ಬಿಟ್ಟಾಳ. ಕೂಸಿನ ಬದಲಿ ತಾನು ಹಿಡದಾಳಂತ ನವಸ. ಅಪ್ಪ ಹಿಂಡ ಹೊಡ್ಕೊಂಡು ಬಂದು ಬಿರೋಬನ ಮುಂದ ನಿಲ್ಲೂತನಕ ಜ್ವಾಳ, ಅಕ್ಕಿ ಏನೂ ಮುಟ್ಟಂಗಿಲ್ಲ. ನೀ ಒಂದು ಮಾತು ಹೇಳು. ನಿನ್ನ ಮಾತು ಕೇಳ್ತಾಳ.”

ಪ್ರಾಜಕ್ತಾ ಪಡಸಾಲೆಗೆ ಬಂದಳು. ನೀಲಾಬಾಯಿ ಕಂಬಕ್ಕೆ ಒರಗಿ ಉಣ್ಣೆ ನೂಲುತ್ತಿದ್ದಳು. ಕೆನ್ನೆ ಇಳಿದಿತ್ತು. ಸೊಸೆ ಎದುರು ನಿಂತದ್ದನ್ನು ನೋಡಿ ಅವಳ ಮುಖದಲ್ಲಿ ಒಂದು ಬಗೆಯ ಆಸೆ ಮೂಡಿತು. ಆಕೆ ಕೂರಲೆಂದು ಗೋಣಿತಟ್ಟನ್ನು ತುಸು ಸರಿಸಿದಳು.

ಪ್ರಾಜಕ್ತಾ ಕೂರಲಿಲ್ಲ.

“ಕೂಸಿನ ಬದಲಿ ನೀವು ಹಿಡದೀರಂತಲ್ಲ.”

“ಹೂಂ. ದೇವರು ಒಪ್ಪಿಕೊಳ್ತಾನ. ನಿನ್ನ ಕೂಸಿಗೆ ಏನೂ ಆಗಂಗಿಲ್ಲ. ನೀ ಹೆದರಬ್ಯಾಡ.”

“ನಾ ಹೆದರಿಲ್ಲ.” ಪ್ರಾಜಕ್ತಾಳ ದನಿ ಏರಲಿಲ್ಲ. “ಬದಲಿ ಹಿಡಿಯಾಕ ಬರ್ತದ ಅಂತ ನಿಮಗ ಮೊದಲೇ ಗೊತ್ತಿತ್ತೇನು?”

ನೀಲಾಬಾಯಿಯ ಕೈಯಲ್ಲಿ ನೂಲು ನಿಂತಿತು. ಕುರಿಯವರ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಗೊತ್ತಿಲ್ಲದಿರುವುದು ಸಾಧ್ಯವಿರಲಿಲ್ಲ. ಹಿಡಿದ ಹರಕೆಯನ್ನು ಒಬ್ಬರಿಂದ ಒಬ್ಬರು ಹೊತ್ತುಕೊಳ್ಳುವುದು ಅವರಲ್ಲಿ ಎಷ್ಟೋ ಸಲ ನಡೆದದ್ದೇ. ಆಕೆ ಸುಳ್ಳು ಹೇಳಲಿಲ್ಲ.

“ಗೊತ್ತಿತ್ತು,” ಎಂದಳು. “ಆದ್ರ ಅದು ಎರಡನೇದ್ದು. ಮಾತು ಕೊಟ್ಟಂಗ ನಡಸೂದು ಛಲೋ ಅಂತ...”

“ಈ ದಾರಿ ಇತ್ತು,” ಎಂದಳು ಪ್ರಾಜಕ್ತಾ. “ಮೊದಲನೇ ದಿವಸಾನೂ ಇತ್ತು. ನೀವು ನಾಕು ತಿಂಗಳು ಬಟಾಟಿ ತಿಂದಿದ್ರ ಮುಗೀತಿತ್ತು. ಕೂಸಿನ ಬಾಯಿ ಕಟ್ಟಿದ್ರಿ.”

ನೀಲಾಬಾಯಿ ತಲೆ ತಗ್ಗಿಸಿದಳು. ಅವಳ ಜೀವಮಾನದಲ್ಲಿ ಯಾರೂ ಅವಳನ್ನು ಹಾಗೆ ಸೋಲಿಸಿರಲಿಲ್ಲ. ಪ್ರಾಜಕ್ತಾಳಿಗೆ ಅದರಿಂದ ಸಮಾಧಾನ ಬರಲಿಲ್ಲ. ಒಳಗೆ ಹೋಗಿ ಎರಡು ಬಟಾಟೆ ಕುದಿಯಲಿಟ್ಟಳು, ಉಪ್ಪು ಹಾಕಿದಳು, ತಟ್ಟೆಯಲ್ಲಿ ತಂದು ಅತ್ತೆಯ ಮುಂದಿಟ್ಟಳು. ಮುದುಕಿ ಹಸಿಯಬಾರದು. ಆದರೆ ‘ಹರಕೆ ಬಿಡ್ರಿ’ ಎಂಬ ಮಾತನ್ನು ಆಕೆ ಆಡಲಿಲ್ಲ. ಅಮೋಲ ಬಾಗಿಲಲ್ಲಿ ಕಾದು ನಿಂತದ್ದು ವ್ಯರ್ಥವಾಯಿತು.

ಮೇ ತಿಂಗಳ ತೂಕದಲ್ಲಿ ಮುಳ್ಳು ಮೇಲಕ್ಕೆ ಸರಿಯಿತು. ಶುಭಾಂಗಿತಾಯಿ ರೆಪ್ಪೆ ಎಳೆದು ನೋಡಿ ತಲೆಯಾಡಿಸಿದಳು. ಮನೆಗೆ ಬಂದಾಗ ನೀಲಾಬಾಯಿ ಬಾಗಿಲಿಗೇ ಬಂದು ಕೇಳಿದಳು:

“ಎಷ್ಟಾತು?”

ಪ್ರಾಜಕ್ತಾ ಹೇಳಿದಳು. ಮುದುಕಿಯ ಮುಖ ಅರಳಿತು. ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು, ಪ್ರಾಜಕ್ತಾ ಕೊಟ್ಟಳು. ಅಜ್ಜಿ ಮೊಮ್ಮಗನ ಹೊಟ್ಟೆಗೆ ಮೂಗು ಒತ್ತಿ ನಗಿಸಿದಳು.

“ಇವಂಗ ಏನ್ ಸೇರ್ತದ ಈಗ?” ಎಂದಳು, ಕೂಸಿನ ಕಡೆಗೇ ನೋಡುತ್ತ. “ಏನ್ ಭಾಳ ತಿಂತಾನ?”

ಪ್ರಾಜಕ್ತಾ ಹೇಳಬಹುದಾಗಿತ್ತು, ತತ್ತಿ ಎಂಬ ಒಂದೇ ಮಾತು. ಎರಡೂವರೆ ತಿಂಗಳು ಪ್ರತಿ ಸಂಜೆ ತಾನು ಇದೇ ಪ್ರಶ್ನೆಯನ್ನು ಇದೇ ಹಸಿವಿನಿಂದ ಕೇಳಿದ್ದಳು.

“ಉಣಿಸೋ ಹೊತ್ತಾತು, ಕೊಡ್ರಿ ಅತ್ತಿ,” ಎಂದು ಕೂಸನ್ನು ತೆಗೆದುಕೊಂಡು ಒಳಗೆ ನಡೆದಳು.